ಅಂತರ, ವ್ಯತ್ಯಾಸ, ವಾಲಿಕೆ: ಸಂಖ್ಯಾಶಾಸ್ತ್ರದ ಕೈಪಿಡಿಗೊಂದು ಪದಪಟ್ಟಿ

ವಿದ್ಯಾರ್ಥಿಗಳಿಗಾಗಿ ಸಂಖ್ಯಾಶಾಸ್ತ್ರದ ಕೈಪಿಡಿ ಬರೆಯುವವರನ್ನು ಪದಗಳ ಕೊರತೆಗಿಂತ ಹೆಚ್ಚು ಕಾಡುವುದು, ಒಂದೇ ಪದ ಎರಡು ಕೆಲಸಕ್ಕೆ ನಿಲ್ಲುವುದು. ಸಮೀಕ್ಷೆಗೆ ಆಯ್ದುಕೊಂಡ ಸ್ಯಾಂಪಲ್ 'ಮಾದರಿ', ಲೆಕ್ಕಾಚಾರದ ಮಾಡೆಲ್ಲೂ 'ಮಾದರಿ'. 'ಮಾದರಿ ಸರಿಯಿಲ್ಲ' ಎಂದು ಓದಿದ ವಿದ್ಯಾರ್ಥಿಗೆ ಎಡವಿದ್ದು ಆಯ್ಕೆಯಲ್ಲೋ ಸೂತ್ರದಲ್ಲೋ ತಿಳಿಯದು. ಸ್ಯಾಂಪಲ್ಲಿಗೆ 'ಮಾದರಿ' ಉಳಿಸಿಕೊಂಡು, ಇನ್ನೊಂದನ್ನು 'ಮಾಡೆಲ್' ಎಂದೇ ಬರೆಯುವುದು ಲೇಸು.

ಕಾನ್ಫಿಡೆನ್ಸ್ ಇಂಟರ್‌ವಲ್ಲಿಗೆ ಇನ್ನಷ್ಟು ಯೋಚನೆ ಬೇಕು. ಒಂದು ದೊಡ್ಡ ಕಾಲೇಜಿನಲ್ಲಿ ಯಾದೃಚ್ಛಿಕವಾಗಿ ಆಯ್ದ 400 ವಿದ್ಯಾರ್ಥಿಗಳಲ್ಲಿ 240 ಮಂದಿ ಗ್ರಂಥಾಲಯ ಬಳಸುತ್ತಾರೆ ಎನ್ನೋಣ. ಅಂದರೆ ಶೇ. 60. ಲೆಕ್ಕ ಹಾಕಿದರೆ ಶೇ. 95ರ ವಿಶ್ವಾಸಮಟ್ಟದಲ್ಲಿ ಸಿಗುವುದು ಸುಮಾರು ಶೇ. 55.2ರಿಂದ 64.8. ಇದನ್ನು 'ವಿಶ್ವಾಸಾಂತರ' ಎನ್ನಬಹುದೇ? ಅಂತರವೆಂದರೆ ಎರಡು ಸಂಖ್ಯೆಗಳನ್ನು ಕಳೆದು ಬರುವ 9.6 ಎಂದು ಮಕ್ಕಳು ಭಾವಿಸುವ ಅಪಾಯವಿದೆ. ಹಾಗಿದ್ದರೂ ನನ್ನ ಒಲವು ಈ ಪದಕ್ಕೇ, ಏಕೆಂದರೆ ಶಾಲೆಯ 'ವರ್ಗಾಂತರ'ದಲ್ಲಿ ಈ ಅರ್ಥ ಅವರಿಗೆ ಆಗಲೇ ಪರಿಚಿತ. ಆದರೆ ಇದಕ್ಕೊಂದು ಬೆಲೆ ತೆರಬೇಕು: ಕಳೆದು ಬಂದದ್ದನ್ನು ಕೈಪಿಡಿಯುದ್ದಕ್ಕೂ 'ವ್ಯತ್ಯಾಸ' ಎಂದೇ ಕರೆಯಬೇಕು, ಒಮ್ಮೆಯೂ 'ಅಂತರ' ಎನ್ನಬಾರದು. 'ವಿಶ್ವಾಸಾರ್ಹತೆ'ಯೂ ಇಲ್ಲಿ ನುಸುಳಕೂಡದು. ಅದು ಅಳತೆ ಮತ್ತೆ ಮತ್ತೆ ಒಂದೇ ಫಲ ಕೊಡುವ ಗುಣಕ್ಕೆ ಮೀಸಲು.

ಪದದ ಪಕ್ಕದ ವಿವರಣೆಯಲ್ಲೂ ಎಚ್ಚರ ಬೇಕು. 'ನಿಜವಾದ ಪ್ರಮಾಣ 55.2 ಮತ್ತು 64.8ರ ನಡುವೆ ಇರುವ ಸಂಭವನೀಯತೆ ಶೇ. 95' ಎಂದು ಬರೆದರೆ, ಜೆರ್ಜಿ ನೈಮನ್ 1937ರಲ್ಲಿ ರೂಪಿಸಿದ ಕಲ್ಪನೆಯೇ ತಲೆಕೆಳಗಾಗುತ್ತದೆ. ಇದೇ ವಿಧಾನದಿಂದ ಹೊಸ ಹೊಸ ಮಾದರಿ ತೆಗೆದು ಅಂತರ ಕಟ್ಟುತ್ತ ಹೋದರೆ, ನೂರರಲ್ಲಿ ಸುಮಾರು 95 ಅಂತರಗಳು ನಿಜವಾದ ಪ್ರಮಾಣವನ್ನು ಒಳಗೊಂಡಿರುತ್ತವೆ. ಆ ಶೇ. 95 ವಿಧಾನದ ಗುಣ.

ಬಯಾಸ್‌ಗೆ ಪತ್ರಿಕೆಗಳು 'ಪೂರ್ವಗ್ರಹ', 'ಪಕ್ಷಪಾತ' ಎನ್ನುತ್ತವೆ. ಎರಡೂ ಮನುಷ್ಯನ ಮನಸ್ಸಿನ ಮೇಲೆ ತಪ್ಪು ಹೊರಿಸುತ್ತವೆ. ಪ್ರತಿಸಲವೂ 200 ಗ್ರಾಂ ಹೆಚ್ಚು ತೋರುವ ತಕ್ಕಡಿಗೆ ಯಾವ ಗ್ರಹವೂ ಇಲ್ಲ. ಅದರ ಅಳತೆ ಒಂದೇ ಕಡೆಗೆ ವಾಲಿದೆ. 'ವಾಲಿಕೆ' ಎಂದರೆ ಉಳಿದ ರೂಪಗಳೂ ಸಲೀಸಾಗಿ ಹುಟ್ಟುತ್ತವೆ: ವಾಲಿದ ಅಂದಾಜು, ವಾಲಿಕೆಯಿಲ್ಲದ ಅಂದಾಜು. ಆ 400 ಮಂದಿಯನ್ನು ಗ್ರಂಥಾಲಯದ ಬಾಗಿಲಲ್ಲೇ ನಿಂತು ಆರಿಸಿದ್ದರೆ ಅದು ಆಯ್ಕೆಯ ವಾಲಿಕೆ. ಆಗ 400ರ ಬದಲು 4,000 ಮಂದಿಯನ್ನು ಕೇಳಿದರೂ ವಿಶ್ವಾಸಾಂತರ ಕಿರಿದಾಗುತ್ತದೆಯೇ ಹೊರತು ವಾಲಿಕೆ ಹೋಗುವುದಿಲ್ಲ. ಈ ಎರಡು ಪದಗಳು ಒಂದೇ ವಾಕ್ಯದಲ್ಲಿ ಗೊಂದಲವಿಲ್ಲದೆ ನಿಂತರೆ ಪಟ್ಟಿ ಪರೀಕ್ಷೆ ಗೆದ್ದಂತೆ.

ಪಟ್ಟಿಯಲ್ಲಿ ಒಪ್ಪಿದ ಪದದ ಜೊತೆಗೆ ಕೈಬಿಟ್ಟ ಪದಗಳನ್ನೂ ಬರೆದಿಡಬೇಕು, ಅಚ್ಚಿಗೆ ಮೊದಲು ಕಂಪ್ಯೂಟರಿನಲ್ಲಿ ಹುಡುಕಲು. ಇಲ್ಲಿ ಸಂಧಿ ಅಡ್ಡ ಬರುತ್ತದೆ. 'ಅಂತರ' ಎಂದು ಹುಡುಕಿದರೆ 'ವಿಶ್ವಾಸಾಂತರ' ಸಿಗುವುದಿಲ್ಲ, ಏಕೆಂದರೆ ಅಲ್ಲಿ 'ಅ' ಅಕ್ಷರವೇ ಉಳಿದಿಲ್ಲ. 'ಂತರ' ಎಂದು ಹುಡುಕಿದರೆ 'ನಂತರ', 'ನಿರಂತರ'ಗಳೂ ಸಾಲುಗಟ್ಟುತ್ತವೆ. ಅವನ್ನು ಒಂದೊಂದಾಗಿ ಕಣ್ಣಿಟ್ಟು ಓದಿ ಬೇರ್ಪಡಿಸಬೇಕು.