ಡಿಟೆಕ್ಟರ್ ಕಲಿತದ್ದೇನು: ಬರಹವನ್ನೋ, ‘ಕಾಪು:’ ಎಂಬ ಮೊದಲ ಪದವನ್ನೋ?

ಹೀಗೊಂದು ಸನ್ನಿವೇಶ ಊಹಿಸಿಕೊಳ್ಳಿ. ಕಾರ್ಕಳದ ಹುಡುಗಿಯೊಬ್ಬಳು ಗೊಮ್ಮಟ ಬೆಟ್ಟದ ಬಗ್ಗೆ ತಾನೇ ಕೂತು ಕನ್ನಡದಲ್ಲಿ ಪ್ರಬಂಧ ಬರೀತಾಳೆ. ಡಿಟೆಕ್ಟರ್ ಮಾತ್ರ ‘ಇದು ಎಐ ಬರೆದದ್ದು’ ಅನ್ನುತ್ತೆ. ಮಾರ್ಕ್ಸ್ ಹೋಗೋ ಸ್ಥಿತಿ. ತಪ್ಪಾದದ್ದೆಲ್ಲಿ?

ಉತ್ತರ ಸಿಗೋದು ಡಿಟೆಕ್ಟರ್ ತಯಾರಾದ ಜಾಗದಲ್ಲಿ. ಅದಕ್ಕೆ ಎರಡು ರಾಶಿ ಬರಹ ಕೊಟ್ಟು ಕಲಿಸ್ತಾರೆ: ಒಂದು ಮನುಷ್ಯರದ್ದು, ಇನ್ನೊಂದು ಯಂತ್ರದ್ದು. ಮನುಷ್ಯರ ರಾಶಿಗೆ ಉಡುಪಿ, ಕಾಪು, ಮಣಿಪಾಲದ ಪತ್ರಿಕಾ ವರದಿಗಳನ್ನು ತಂದರು ಅಂದ್ಕೊಳ್ಳಿ. ಯಂತ್ರದ ರಾಶಿಗೆ ಚಾಟ್‌ಬಾಟ್‌ನಿಂದ ಪ್ರಬಂಧ ಬರೆಸಿದರು. ವರದಿಗಳೆಲ್ಲ ‘ಕಾಪು:’, ‘ಉಡುಪಿ:’ ಅಂತ ಊರ ಹೆಸರಿನಿಂದ ಶುರುವಾಗುತ್ತವೆ. ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸಿದ್ದರೆ, ಪರದೆಯಲ್ಲಿ ಕಾಣದ ಕೆಲವು ಅಕ್ಷರಗಳೂ ಒಳಗೆ ಉಳಿದಿರಬಹುದು. ಪ್ರಬಂಧಗಳಲ್ಲಿ ಇವು ಇರಲ್ಲ.

ಡಿಟೆಕ್ಟರ್‌ಗೆ ಇಷ್ಟೇ ಸಾಕು. ಶೈಲಿ ಕಲಿಯೋ ಕಷ್ಟ ಬಿಟ್ಟು, ಊರ ಹೆಸರಿದ್ದರೆ ಮನುಷ್ಯ, ಇಲ್ಲದಿದ್ದರೆ ಯಂತ್ರ ಅಂತ ಕಲಿತುಬಿಡುತ್ತೆ. ಪರೀಕ್ಷೆಯಲ್ಲೂ ಸಿಕ್ಕಿಬೀಳಲ್ಲ, ಯಾಕಂದ್ರೆ ಪರೀಕ್ಷೆಗೆ ಎತ್ತಿಟ್ಟದ್ದೂ ಅದೇ ರಾಶಿಯಿಂದ. ಅಂಕ ಚೆನ್ನಾಗೇ ಬರುತ್ತೆ. ಆದರೆ ಆ ಹುಡುಗಿ ಬರೆದದ್ದು ವರದಿ ಅಲ್ಲ, ಪ್ರಬಂಧ. ಅವಳು ಯಂತ್ರದ ಸಾಲಿಗೆ ಸೇರ್ತಾಳೆ.

ಯಾರ ಬರಹ ‘ಮನುಷ್ಯನ ಬರಹ’ ಅನ್ನೋದೂ ಇಲ್ಲಿ ಮುಖ್ಯ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು 7 ಇಂಗ್ಲಿಷ್ ಡಿಟೆಕ್ಟರ್‌ಗಳನ್ನು ಪರೀಕ್ಷಿಸಿದರು. ಅಮೆರಿಕದ 8ನೇ ತರಗತಿ ಮಕ್ಕಳ ಪ್ರಬಂಧಗಳನ್ನು ಅವು ಬಹುತೇಕ ಸರಿಯಾಗಿ ಗುರುತಿಸಿದವು. ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ ಪ್ರಬಂಧಗಳಲ್ಲಿ ಮಾತ್ರ ಸರಾಸರಿ ಶೇ. 61ರಷ್ಟನ್ನು ಯಂತ್ರದ್ದು ಅಂದವು. ಕಲಿತ ಭಾಷೆಯಲ್ಲಿ ಬರೆಯುವವರು ಪರಿಚಿತ ಪದಗಳನ್ನೇ ಬಳಸ್ತಾರೆ. ಮುಂದಿನ ಪದ ಸುಲಭವಾಗಿ ಊಹಿಸಬಹುದು. ಡಿಟೆಕ್ಟರ್‌ಗೆ ಅದೇ ಯಂತ್ರದ ಲಕ್ಷಣ. ತಮಾಷೆ ನೋಡಿ, ಚಾಟ್‌ಜಿಪಿಟಿಯಿಂದಲೇ ಆ ಪ್ರಬಂಧಗಳ ಪದಗಳನ್ನು ಬದಲಿಸಿ ಚಂದ ಮಾಡಿಸಿದಾಗ, ತಪ್ಪು ಆರೋಪ ಶೇ. 12ರ ಆಸುಪಾಸಿಗೆ ಇಳೀತು! ಮನೆಯಲ್ಲಿ ತುಳು ಅಥವಾ ಕೊಂಕಣಿ, ಕಾಲೇಜಲ್ಲಿ ಇಂಗ್ಲಿಷ್ ಅನ್ನೋ ನಮ್ಮ ಕಡೆಯವರಿಗೆ ಇದು ದೂರದ ಮಾತಲ್ಲ.

ಪಕ್ಷಪಾತ ಪತ್ತೆ ಹೇಗೆ? ವರದಿಯ ಮೊದಲಿನ ‘ಕಾಪು:’ ಅಳಿಸಿ, ಕಾಣದ ಅಕ್ಷರ ತೆಗೆದು, ಮತ್ತೆ ಡಿಟೆಕ್ಟರ್‌ಗೆ ಕೊಡಿ. ಯಂತ್ರದ ಪ್ರಬಂಧಕ್ಕೆ ‘ಕಾಪು:’ ಸೇರಿಸಿಯೂ ನೋಡಿ. ತೀರ್ಪು ತಿರುಗಿದರೆ, ಅದು ಬರಹ ಓದಿಯೇ ಇಲ್ಲ ಅಂತ ಅರ್ಥ. ಆಮೇಲೆ ರಾಶಿಯನ್ನೇ ಸರಿ ಮಾಡಬೇಕು: ಎರಡೂ ಕಡೆ ಒಂದೇ ವಿಷಯ, ಒಂದೇ ಬಗೆ, ಹತ್ತಿರದ ಉದ್ದ. ಜೊತೆಗೆ, ರಾಶಿಯಲ್ಲಿ ಇಲ್ಲದೇ ಇದ್ದ ವಿದ್ಯಾರ್ಥಿಗಳ ಸ್ವಂತ ಬರಹ ಕೊಟ್ಟು, ಎಷ್ಟು ಜನರ ಮೇಲೆ ಸುಳ್ಳು ಆರೋಪ ಬರುತ್ತೆ ಅಂತ ಬೇರೆಯೇ ಎಣಿಸಬೇಕು.

ಇಷ್ಟಾದರೂ ಡಿಟೆಕ್ಟರ್ ಕೊಡೋದು ಅಂದಾಜು. ಹಾಗಾಗಿ ನಿಮ್ಮ ಮೇಲೆ ಆರೋಪ ಬಂದರೆ ‘ನಿಖರತೆ ಎಷ್ಟು?’ ಅಂತ ಕೇಳಿ ಸುಮ್ಮನಾಗಬೇಡಿ. ‘ಯಾರ ಬರಹದ ಮೇಲೆ ಅಳೆದದ್ದು?’ ಅಂತಲೂ ಕೇಳಿ. ಕರಡು, ಟಿಪ್ಪಣಿ ಇದ್ದರೆ ತೋರಿಸಿ. ಮುಂದಿನ ಕಂತಲ್ಲಿ ಸಿಗೋಣ.