ಪೆಟ್ಟು ಎಲ್ಲಿ, ಹುಸಿ ಎಲ್ಲಿ: ಅನಿಮೇಷನ್ ಕತ್ತರಿಯ ತಾಳ

ಕುದುರೆಯೇರಿ ಹೊರಟವಳು ನೋಡನೋಡುತ್ತಿದ್ದಂತೆ ರಿಕ್ಷಾದಲ್ಲಿ ಕೂತಿರುತ್ತಾಳೆ, ಆಮೇಲೆ ಸೈಕಲ್ ತುಳಿಯುತ್ತಿರುತ್ತಾಳೆ. ಯುಗಗಳು ಸರಿದುಹೋಗುತ್ತವೆ, ಅವಳ ಓಟ ಮಾತ್ರ ನಿಲ್ಲುವುದಿಲ್ಲ. ಜಪಾನಿನ ನಿರ್ದೇಶಕ ಸತೋಶಿ ಕೋನ್ 2001ರಲ್ಲಿ ತೆರೆಗೆ ತಂದ ‘ಮಿಲೆನಿಯಂ ಆ್ಯಕ್ಟ್ರೆಸ್’ ಚಿತ್ರದ ನಾಯಕಿ ಚಿಯೋಕೊ, ಎಂದೋ ಕಂಡ ಚಿತ್ರಕಾರನನ್ನು ಹುಡುಕುತ್ತಾ ತನ್ನ ಬದುಕು ಮತ್ತು ತಾನು ನಟಿಸಿದ ಪಾತ್ರಗಳ ನಡುವೆ ಹೀಗೆ ಓಡುತ್ತಲೇ ಇರುತ್ತಾಳೆ. ಕಾಲ, ಊರು, ಉಡುಪು ಎಲ್ಲವೂ ಬದಲಾದರೂ ನೋಡುವವರಿಗೆ ದಾರಿ ತಪ್ಪುವುದಿಲ್ಲ. ಏಕೆಂದರೆ ಒಂದು ಶಾಟ್‌ನಲ್ಲಿ ಶುರುವಾದ ಚಲನೆಯನ್ನು ಮುಂದಿನ ಶಾಟ್ ಕೈಗೆತ್ತಿಕೊಳ್ಳುತ್ತದೆ. ಇದೇ ಮ್ಯಾಚ್ ಕಟ್.

ನಟರನ್ನಿಟ್ಟು ತೆಗೆದ ಸಿನಿಮಾದ ಸಂಕಲನಕಾರನ ಮುಂದೆ ಗಂಟೆಗಟ್ಟಲೆ ದೃಶ್ಯಗಳಿರುತ್ತವೆ; ಬೇಡದ್ದನ್ನು ಕತ್ತರಿಸುತ್ತಾ ಹೋಗಬಹುದು. ಅನಿಮೇಷನ್‌ನಲ್ಲಿ ಆ ಸೌಲಭ್ಯವಿಲ್ಲ. ಬರೆಯದೇ ಇದ್ದ ಚಿತ್ರವನ್ನು ಉಳಿಸಿಕೊಳ್ಳುವುದೂ ಇಲ್ಲ, ಎಸೆಯುವುದೂ ಇಲ್ಲ. ಹಾಗಾಗಿ ಜಪಾನಿನ ಸ್ಟೋರಿಬೋರ್ಡ್‌ನಲ್ಲಿ ಪ್ರತಿ ಶಾಟ್‌ನ ಪಕ್ಕದಲ್ಲೇ ಅದರ ಉದ್ದವನ್ನು ಸೆಕೆಂಡ್ ಮತ್ತು ಫ್ರೇಮ್‌ಗಳಲ್ಲಿ ಬರೆದಿರುತ್ತಾರೆ. ಒಂದು ಸೆಕೆಂಡಿಗೆ 24 ಫ್ರೇಮ್. ಕತ್ತರಿ ಬಹುಪಾಲು ಕಾಗದದ ಮೇಲೆಯೇ ಆಡಿ ಮುಗಿದಿರುತ್ತದೆ.

ಒಂದು ಉದಾಹರಣೆ ಕಟ್ಟಿ ನೋಡೋಣ. ಹುಡುಗಿಯೊಬ್ಬಳು ಗದ್ದೆಯ ಬದುವಿನ ಮೇಲೆ ಓಡುತ್ತಾ ಎಡವುತ್ತಾಳೆ. ಮುಂದಿನ ಶಾಟ್‌ನಲ್ಲಿ ಮುದುಕಿಯಾಗಿ ಆಸ್ಪತ್ರೆಯ ಮೊಗಸಾಲೆಯಲ್ಲಿ ಬೀಳುತ್ತಾಳೆ. ಹುಡುಗಿ ನೆಲಕ್ಕೆ ತಾಗಿದ ಮೇಲೆ ಕತ್ತರಿಸಿದರೆ ಚಲನೆ ಅಲ್ಲೇ ಮುಗಿದುಹೋಗಿ, ಎರಡು ಬೇರೆ ಬೇರೆ ಬೀಳುವಿಕೆಗಳು ಕಾಣಿಸುತ್ತವೆ. ದೇಹ ಇನ್ನೂ ಗಾಳಿಯಲ್ಲಿರುವಾಗ, ವೇಗ ಹೆಚ್ಚುತ್ತಿರುವಾಗಲೇ ಕತ್ತರಿಸಬೇಕು. ಇಲ್ಲೊಂದು ಹಳೆಯ ಕಸುಬಿನ ಗುಟ್ಟಿದೆ: ಎರಡನೆಯ ಶಾಟ್ ಬೀಳುವಿಕೆಯನ್ನು ಎರಡು ಮೂರು ಫ್ರೇಮ್ ಹಿಂದಿನಿಂದ ಶುರುಮಾಡುತ್ತದೆ. ಚಿತ್ರ ಬದಲಾದ ಆ ಚೂರು ಹೊತ್ತಿನಲ್ಲಿ ಕಣ್ಣು ಏನನ್ನೂ ಸರಿಯಾಗಿ ಗ್ರಹಿಸದ ಕಾರಣ, ಮರುಕಳಿಸಿದ ಚಲನೆ ಎದ್ದು ಕಾಣುವುದಿಲ್ಲ; ಮರುಕಳಿಸದಿದ್ದರೆ ಮಾತ್ರ ಏನೋ ಹಾರಿಹೋದಂತೆ ಅನಿಸುತ್ತದೆ.

ಇನ್ನೊಂದು ಎಡವಟ್ಟು ಸ್ಥಾನದ್ದು. ಹುಡುಗಿಯ ತಲೆ ಪರದೆಯ ಬಲಕ್ಕಿದ್ದು, ಮುದುಕಿಯ ತಲೆ ಎಡಕ್ಕಿದ್ದರೆ ಕಣ್ಣು ಅದನ್ನು ಹುಡುಕಿಕೊಂಡು ಹೋಗಬೇಕು. ಅದಕ್ಕೆ ಸುಮಾರು 5 ಫ್ರೇಮ್ ಬೇಕು. ಶಾಟ್ ಇರುವುದೇ 12 ಫ್ರೇಮ್ ಎಂದಾದರೆ ಹೆಚ್ಚುಕಡಿಮೆ ಅರ್ಧ ಹುಡುಕಾಟಕ್ಕೇ ಹೋಯಿತು. ಪರೀಕ್ಷೆ ಸುಲಭ: ಮೊದಲ ಶಾಟ್‌ನ ಕೊನೆಯ ಚಿತ್ರದ ಮೇಲೆ ಎರಡನೆಯದರ ಮೊದಲ ಚಿತ್ರವನ್ನು ಅರೆಪಾರದರ್ಶಕವಾಗಿ ಹೊದಿಸಿ. ತಲೆಯ ಮೇಲೆ ತಲೆ, ಬೆನ್ನಿನ ಓರೆಯ ಮೇಲೆ ಓರೆ ಕೂತರೆ ಸರಿ.

ಸ್ಮ್ಯಾಶ್ ಕಟ್ ಮ್ಯಾಚ್ ಕಟ್‌ಗೆ ತದ್ವಿರುದ್ಧ. ಕೋನ್‌ರ 1997ರ ‘ಪರ್ಫೆಕ್ಟ್ ಬ್ಲೂ’ದಲ್ಲಿ ಹಿಂಸೆ ತುದಿಗೇರಿದ ಹೊತ್ತಿನಲ್ಲಿ ನಾಯಕಿ ಮೀಮಾ ತನ್ನ ಹಾಸಿಗೆಯಲ್ಲಿ ಕಣ್ಣು ಬಿಡುತ್ತಾಳೆ. ಕಂಡದ್ದು ಕನಸೋ ನಿಜವೋ ಅವಳಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಈ ಬಗೆಯ ಕಟ್‌ನ ಬಲವಿರುವುದು ಶಬ್ದದಲ್ಲಿ. ಅಬ್ಬರವೂ ಚಿತ್ರವೂ ಒಂದೇ ಫ್ರೇಮಿನಲ್ಲಿ ತುಂಡಾಗಬೇಕು. ಸಂಗೀತದ ಬಾಲ ಮುಂದಿನ ಶಾಟ್‌ಗೆ ಹರಿದುಬಂದರೂ, ಮೌನ ಒಂದಿಷ್ಟು ಮುಂಚೆಯೇ ಇಣುಕಿದರೂ ಕಿವಿ ಸಿದ್ಧವಾಗಿಬಿಡುತ್ತದೆ, ಪೆಟ್ಟು ಮೆತ್ತಗಾಗುತ್ತದೆ.

ಪೆಟ್ಟು ಬಿದ್ದ ಮೇಲೆ ಸಾವರಿಸಿಕೊಳ್ಳಲು ಹೊತ್ತು ಬೇಕು. ಸಂಗೀತ ಕಲಿತವರಿಗೆ ಇದು ಗೊತ್ತು: ಆದಿತಾಳದ ದ್ರುತದಲ್ಲಿ ಒಂದು ಪೆಟ್ಟು, ಒಂದು ಹುಸಿ. ಹುಸಿಯಲ್ಲಿ ಸದ್ದಿಲ್ಲ, ಆದರೆ ಲೆಕ್ಕವಿದೆ. ಅನಿಮೇಷನ್‌ನ ಹೋಲ್ಡ್, ಅಂದರೆ ಚಿತ್ರವನ್ನು ಹಾಗೇ ನಿಲ್ಲಿಸಿಡುವುದು, ಅಂಥದ್ದೇ ಹುಸಿ. ಆದರೆ ಒಂದು ತೊಡಕಿದೆ. ಸುಮ್ಮನೆ ನಿಂತ ನಟ ಕ್ಯಾಮೆರಾ ಮುಂದೆ ಉಸಿರಾಡುತ್ತಲೇ ಇರುತ್ತಾನೆ. ಬರೆದ ಚಿತ್ರ ನಿಂತರೆ ಸತ್ತಂತೆಯೇ. ಒಂದೆರಡು ಸೆಕೆಂಡ್ ಕಳೆದರೆ ವಿಡಿಯೊ ಸಿಕ್ಕಿಹಾಕಿಕೊಂಡಿತೇ ಎಂಬ ಅನುಮಾನ ಬರುತ್ತದೆ. ಅದಕ್ಕೇ ಕೂದಲೆಳೆಯೊಂದನ್ನು ಅಲುಗಿಸುತ್ತಾರೆ, ರೆಪ್ಪೆ ಮಿಟುಕಿಸುತ್ತಾರೆ, ಇಲ್ಲವೇ ಶಬ್ದಕ್ಕೆ ಆ ಕೆಲಸ ವಹಿಸುತ್ತಾರೆ.

ಹಿದೆಯಾಕಿ ಆನ್ನೊ ನಿರ್ದೇಶನದ ‘ನಿಯಾನ್ ಜೆನೆಸಿಸ್ ಇವ್ಯಾಂಜೆಲಿಯನ್’ ಸರಣಿಯ 22ನೆಯ ಕಂತಿನಲ್ಲಿ ಅಸುಕಾ ಮತ್ತು ರೇ ಲಿಫ್ಟಿನಲ್ಲಿ ನಿಂತಿರುತ್ತಾರೆ. ಸುಮಾರು 50 ಸೆಕೆಂಡ್ ಹೆಚ್ಚುಕಡಿಮೆ ಒಂದೇ ಚಿತ್ರ. ಕೇಳುವುದು ಯಂತ್ರದ ಸದ್ದು ಮಾತ್ರ. ಆ ಸದ್ದು ಕಾಲ ಓಡುತ್ತಿದೆಯೆಂದು ಸಾರುವುದರಿಂದ ಚಿತ್ರದ ಸ್ತಬ್ಧತೆ ತಾಂತ್ರಿಕ ದೋಷವಾಗಿ ಕಾಣದೆ, ಇಬ್ಬರೂ ಆಡದೆ ನುಂಗಿಕೊಂಡ ಮಾತಾಗುತ್ತದೆ. ಅದೇ ದೃಶ್ಯವನ್ನು ಶಬ್ದ ಆರಿಸಿ ನೋಡಿ. ಅರ್ಧ ದಾರಿಯಲ್ಲೇ ಬೆರಳು ಪ್ಲೇ ಬಟನ್ ಹುಡುಕತೊಡಗುತ್ತದೆ.