ಯೂರೋದಲ್ಲಿ ಬೆಲೆ, ರೂಪಾಯಿಯಲ್ಲಿ ಖರ್ಚು

ವಿದೇಶಿ ಗಿರಾಕಿಗೆ ಕೊಡುವ ಕೊಟೇಶನ್ನಿನಲ್ಲಿ ಎರಡು ಬೆಲೆಗಳಿರುತ್ತವೆ. ಒಂದು ಸರಕಿನ ಬೆಲೆ, ಕಾಗದದ ಮೇಲೆ ಕಾಣುತ್ತದೆ. ಇನ್ನೊಂದು, ಆ ಸರಕಿನ ಬೆಲೆಯನ್ನು ಲೆಕ್ಕಹಾಕುವಾಗ ಹಿಡಿದ ವಿನಿಮಯ ದರ. ಅದು ಕಾರ್ಖಾನೆಯ ಕಾಸ್ಟಿಂಗ್ ಶೀಟಿನಲ್ಲೇ ಉಳಿದುಬಿಡುತ್ತದೆ. ಸರಕು ಹದಿನೈದು ದಿನದಲ್ಲಿ ಹೊರಟು ತಿಂಗಳೊಳಗೆ ಹಣ ಬರುವುದಾದರೆ ಈ ಎರಡನೆಯ ಬೆಲೆಯ ಬಗ್ಗೆ ಹೆಚ್ಚು ಯೋಚಿಸಬೇಕಿಲ್ಲ. ಆದರೆ ಯಂತ್ರವೊಂದನ್ನು ವಿನ್ಯಾಸ ಮಾಡಿ, ಕಟ್ಟಿ, ಪರೀಕ್ಷಿಸಿ, ಗಿರಾಕಿಯ ನೆಲದಲ್ಲಿ ಕೂರಿಸಿ ಓಡಿಸಿ ತೋರಿಸುವ ಕೆಲಸಕ್ಕೆ ಒಂದು ವರ್ಷಕ್ಕೂ ಹೆಚ್ಚು ಬೇಕು. ಅಷ್ಟರಲ್ಲಿ ಲಾಭವನ್ನು ಉಳಿಸುವುದೂ ನುಂಗುವುದೂ ಅನೇಕ ಸಲ ಈ ಎರಡನೆಯ ಬೆಲೆಯೇ.

ರೂಪಾಯಿ ಹೇಗೂ ಇಳಿಯುತ್ತಲೇ ಇರುತ್ತದೆ, ರಫ್ತು ಮಾಡುವವನಿಗೆ ಅದರಿಂದ ಲಾಭವೇ ಎಂಬ ನಂಬಿಕೆ ಸಣ್ಣ ಕಾರ್ಖಾನೆಗಳಲ್ಲಿ ಬಲವಾಗಿದೆ. ಡಾಲರಿನ ಮಟ್ಟಿಗೆ ದೀರ್ಘಕಾಲದಲ್ಲಿ ಇದು ಬಹುಪಾಲು ನಿಜವಾಗಿದೆ. ಆದರೆ ಒಂದು ಆರ್ಡರು ನಡೆಯುವುದು ಒಂದೋ ಒಂದೂವರೆಯೋ ವರ್ಷ, ದೀರ್ಘಕಾಲವಲ್ಲ. 2014ರ ಮೇ ತಿಂಗಳಲ್ಲಿ ಒಂದು ಯೂರೋಗೆ ಸುಮಾರು 83 ರೂಪಾಯಿ ಇತ್ತು. ಯುರೋಪಿನ ಕೇಂದ್ರ ಬ್ಯಾಂಕು ಆ ಜೂನಿನಲ್ಲಿ ಠೇವಣಿ ಬಡ್ಡಿಯನ್ನು ಸೊನ್ನೆಗಿಂತ ಕೆಳಕ್ಕೆ ಇಳಿಸಿತು, 2015ರ ಜನವರಿಯಲ್ಲಿ ದೊಡ್ಡ ಪ್ರಮಾಣದ ಸಾಲಪತ್ರ ಖರೀದಿಯನ್ನು ಘೋಷಿಸಿತು. 2015ರ ಏಪ್ರಿಲ್ ಹೊತ್ತಿಗೆ ಯೂರೋ ಸುಮಾರು 66 ರೂಪಾಯಿಗೆ ಇಳಿದಿತ್ತು. ಇದೇ ಅವಧಿಯಲ್ಲಿ ಡಾಲರಿನ ಎದುರು ರೂಪಾಯಿ ತುಸು ದುರ್ಬಲವೇ ಆಗಿತ್ತು ಎಂಬುದು ಗಮನಿಸಬೇಕಾದ ಮಾತು. ದಿನಪತ್ರಿಕೆಯಲ್ಲಿ ಡಾಲರಿನ ದರ ನೋಡಿ ನೆಮ್ಮದಿಯಾಗಿದ್ದವರ ಯೂರೋ ಆರ್ಡರುಗಳು ಐದರಲ್ಲಿ ಒಂದು ಪಾಲು ಮೌಲ್ಯ ಕಳೆದುಕೊಂಡಿದ್ದವು.

ಬೆಂಗಳೂರಿನ ಪೀಣ್ಯದಲ್ಲಿ ವಿಶೇಷ ಯಂತ್ರಗಳನ್ನು ಕಟ್ಟುವ ಒಂದು ಮಧ್ಯಮ ಗಾತ್ರದ ಕಾರ್ಖಾನೆಯನ್ನು ಊಹಿಸಿಕೊಂಡರೆ ಲೆಕ್ಕ ಸ್ಪಷ್ಟವಾಗುತ್ತದೆ. ಜರ್ಮನಿಯ ಗಿರಾಕಿಗೆ 5 ಲಕ್ಷ ಯೂರೋ ಬೆಲೆಯ ಯಂತ್ರ. ಲೆಕ್ಕದ ಸುಲಭಕ್ಕಾಗಿ ಯೂರೋ ದರ 90 ರೂಪಾಯಿ ಎಂದಿಟ್ಟುಕೊಂಡರೆ ಬೆಲೆ ನಾಲ್ಕೂವರೆ ಕೋಟಿ ಆಯಿತು. ಖರ್ಚು 3 ಕೋಟಿ 96 ಲಕ್ಷ, ಲಾಭ 54 ಲಕ್ಷ, ಎಂದರೆ ಶೇಕಡ 12. ಖರ್ಚಿನಲ್ಲಿ 1 ಲಕ್ಷ ಯೂರೋ, ಅಂದರೆ 90 ಲಕ್ಷ ರೂಪಾಯಿ, ಯುರೋಪಿನಿಂದಲೇ ತರಿಸುವ ಕಂಟ್ರೋಲರ್, ಸರ್ವೋ ಮೋಟಾರು, ಲೀನಿಯರ್ ಗೈಡುಗಳಿಗೆ. ಮಿಕ್ಕಿದ್ದು ಎರಕ, ಉಕ್ಕು, ಕೂಲಿ, ವಿನ್ಯಾಸ, ಎಲ್ಲ ರೂಪಾಯಿಯಲ್ಲಿ.

ಇಲ್ಲಿ ಅಪಾಯದಲ್ಲಿರುವ ಮೊತ್ತ 5 ಲಕ್ಷ ಯೂರೋ ಅಲ್ಲ. ಬಿಡಿಭಾಗಗಳ 1 ಲಕ್ಷ ಯೂರೋ ಬಂದಂತೆಯೇ ಹೋಗುವುದರಿಂದ ದರ ಏರಿದರೂ ಇಳಿದರೂ ಅದಕ್ಕೆ ಏನೂ ಆಗುವುದಿಲ್ಲ. ಉಳಿದ 4 ಲಕ್ಷ ಯೂರೋ ಮಾತ್ರ ಬಯಲಿನಲ್ಲಿದೆ. ಎಂದರೆ ಯೂರೋ ಒಂದು ರೂಪಾಯಿ ಇಳಿದಾಗಲೆಲ್ಲ ಲಾಭದಲ್ಲಿ 4 ಲಕ್ಷ ಕರಗುತ್ತದೆ. ಒಂಬತ್ತು ರೂಪಾಯಿ ಇಳಿದರೆ 36 ಲಕ್ಷ ಹೋಗಿ 18 ಲಕ್ಷ ಉಳಿಯುತ್ತದೆ. 2014–15ರಂತೆ ಶೇಕಡ 20ರಷ್ಟು ಕುಸಿದು 72ಕ್ಕೆ ಬಂದರೆ ಪೂರ್ತಿ ಲಾಭ ಹೋಗಿ ಮೇಲೆ 18 ಲಕ್ಷ ಕೈಯಿಂದ ಕಟ್ಟಬೇಕು. ‘ಒಂದು ರೂಪಾಯಿಗೆ ಎಷ್ಟು ಲಕ್ಷ’ ಎಂಬ ಈ ಒಂದು ಅಂಕಿ ಯಾವ ಬ್ಯಾಂಕಿನ ವರದಿಗಿಂತಲೂ ಹೆಚ್ಚು ಉಪಯುಕ್ತ. ಮಾಲೀಕನಿಗೆ ಅದು ಬಾಯಿಪಾಠವಾಗಿರಬೇಕು.

ರಕ್ಷಣೆಯೇ ಇಲ್ಲದ ಕಾಲವೆಂದರೆ ಕೊಟೇಶನ್ ಕಳಿಸಿದ ದಿನದಿಂದ ಆರ್ಡರು ಬರುವ ದಿನದವರೆಗಿನದು. ಬೆಲೆ ಬರೆದುಕೊಟ್ಟಾಗಿದೆ, ಆದರೆ ಕೆಲಸ ಸಿಗುತ್ತದೋ ಇಲ್ಲವೋ ತಿಳಿಯದು. ಈಗಲೇ ಬ್ಯಾಂಕಿನೊಂದಿಗೆ ಯೂರೋ ಮಾರುವ ಕರಾರು ಮಾಡಿಕೊಂಡು ಆಮೇಲೆ ಆರ್ಡರು ಕೈತಪ್ಪಿದರೆ, ಬಾರದ ಯೂರೋವನ್ನು ಮಾರಿದಂತಾಗುತ್ತದೆ. ಆ ಕರಾರನ್ನು ಅಂದಿನ ದರದಲ್ಲಿ ರದ್ದು ಮಾಡಿಸಿ ವ್ಯತ್ಯಾಸ ಕಟ್ಟಬೇಕು. ಆದ್ದರಿಂದ ಈ ಹಂತದಲ್ಲಿ ರಕ್ಷಣೆ ಬ್ಯಾಂಕಿನಲ್ಲಿ ಅಲ್ಲ, ಕೊಟೇಶನ್ನಿನ ಷರತ್ತುಗಳಲ್ಲಿ ಇರಬೇಕು. ಸಿಂಧುತ್ವವನ್ನು ತೊಂಬತ್ತು ದಿನದ ಬದಲು ಮೂವತ್ತಕ್ಕೆ ಇಳಿಸುವುದು ಮೊದಲನೆಯದು. ಅದಕ್ಕಿಂತ ಬಲವಾದದ್ದು ಮೂಲ ದರದ ಷರತ್ತು: ‘ಈ ಬೆಲೆ 1 ಯೂರೋಗೆ 90 ರೂಪಾಯಿ ದರವನ್ನು ಆಧರಿಸಿದೆ, ಆರ್ಡರಿನ ದಿನ ದರ ಶೇಕಡ ಎರಡೂವರೆಗಿಂತ ಹೆಚ್ಚು ಬದಲಾಗಿದ್ದರೆ ಬೆಲೆ ಪರಿಷ್ಕರಿಸಲಾಗುವುದು.’

ಪರಿಷ್ಕರಣೆಯ ಲೆಕ್ಕವನ್ನೂ ಷರತ್ತಿನೊಳಗೇ ಬರೆದಿಡಬೇಕು. ಇಲ್ಲವಾದರೆ ಅದು ಜಗಳಕ್ಕೆ ಕಾರಣವಾಗುತ್ತದೆ. ಆರ್ಡರಿನ ದಿನ ಯೂರೋ 85 ರೂಪಾಯಿ 50 ಪೈಸೆಗೆ ಇಳಿದಿದೆ ಎನ್ನೋಣ. ಇಡೀ ಬೆಲೆಯನ್ನು ಏರಿಸುವುದು ನ್ಯಾಯವಲ್ಲ, ಯೂರೋದಲ್ಲೇ ಖರ್ಚಾಗುವ 1 ಲಕ್ಷ ಹಾಗೆಯೇ ಉಳಿಯಬೇಕು. ರೂಪಾಯಿಗೆ ಸೇರಿದ 3 ಕೋಟಿ 60 ಲಕ್ಷವನ್ನು ಹೊಸ ದರದಿಂದ ಭಾಗಿಸಿದರೆ ಸುಮಾರು 4 ಲಕ್ಷ 21 ಸಾವಿರ ಯೂರೋ. ಒಟ್ಟು ಬೆಲೆ 5 ಲಕ್ಷ 21 ಸಾವಿರ. ದರ ಏರಿದಾಗ ಇದೇ ಸೂತ್ರದಂತೆ ಬೆಲೆ ಇಳಿಯಬೇಕು. ಒಂದೇ ಕಡೆಗೆ ತಿರುಗುವ ಷರತ್ತಿಗೆ ಗಿರಾಕಿ ಒಪ್ಪುವುದು ಅಪರೂಪ. ದೊಡ್ಡ ಕಂಪನಿಗಳು ಎರಡೂ ಕಡೆಯದನ್ನೂ ಹೊಡೆದುಹಾಕಿ ‘ಸ್ಥಿರ ಬೆಲೆ’ ಎಂದು ಬರೆಯುತ್ತವೆ. ಆಗ ಉಳಿಯುವ ದಾರಿ 90ರ ಬದಲು 88ರಲ್ಲಿ ಲೆಕ್ಕ ಹಾಕುವುದು. ಬೆಲೆ ಸುಮಾರು 5 ಲಕ್ಷ 9 ಸಾವಿರವಾಗುತ್ತದೆ. ಆ 9 ಸಾವಿರಕ್ಕೆ ಆರ್ಡರು ತಪ್ಪುವಂತಿದ್ದರೆ ಆ ಆರ್ಡರಿನಲ್ಲಿ ಮೊದಲೇ ಜೀವ ಕಡಿಮೆ ಇತ್ತೆಂದು ತಿಳಿಯಬಹುದು.

ಆರ್ಡರು ಬಂದ ದಿನ ಚಿತ್ರ ಬದಲಾಗುತ್ತದೆ. ಇಂಥ ಯಂತ್ರಕ್ಕೆ ಪಾವತಿ ಸಾಮಾನ್ಯವಾಗಿ ಕಂತುಗಳಲ್ಲಿ ಬರುತ್ತದೆ: ಇಲ್ಲಿ ಶೇಕಡ 30 ಅಡ್ವಾನ್ಸ್, 60 ಹತ್ತನೆಯ ತಿಂಗಳು ಡಿಸ್‌ಪ್ಯಾಚ್ ಹೊತ್ತಿಗೆ, 10 ಯಂತ್ರ ಕೂರಿಸಿದ ಮೇಲೆ. ಅಡ್ವಾನ್ಸಿನ ಒಂದೂವರೆ ಲಕ್ಷ ಯೂರೋದಲ್ಲಿ 1 ಲಕ್ಷವನ್ನು ರಫ್ತುದಾರರಿಗೆಂದೇ ಇರುವ ಇಇಎಫ್‌ಸಿ ಎಂಬ ವಿದೇಶಿ ಕರೆನ್ಸಿ ಖಾತೆಯಲ್ಲಿಟ್ಟು ಅದರಿಂದಲೇ ಬಿಡಿಭಾಗಗಳ ಹಣ ಕಟ್ಟಬಹುದು. ರೂಪಾಯಿಗೆ ಬದಲಿಸಿ ಮತ್ತೆ ಯೂರೋ ಕೊಳ್ಳುವಾಗ ಎರಡು ಸಲ ತೆರಬೇಕಾದ ಬ್ಯಾಂಕಿನ ಕಮಿಷನ್ ಉಳಿಯುತ್ತದೆ. ಆ ಖಾತೆಯಲ್ಲಿ ಹಣವನ್ನು ಮನಬಂದಷ್ಟು ದಿನ ಇಡುವಂತಿಲ್ಲ, ಹಾಗಾಗಿ ಬಿಡಿಭಾಗಗಳ ಆರ್ಡರನ್ನೂ ಕೂಡಲೇ ಹಾಕಬೇಕು. ಮಿಕ್ಕ 50 ಸಾವಿರ ಯೂರೋ ಅಂದಿನ ದರದಲ್ಲೇ ರೂಪಾಯಿಯಾಗುತ್ತದೆ.

ಹತ್ತನೆಯ ತಿಂಗಳು ಬರುವ 3 ಲಕ್ಷ ಯೂರೋಗೆ ಫಾರ್ವರ್ಡ್ ಕಾಂಟ್ರಾಕ್ಟ್ ಬೇಕು. ಹತ್ತು ತಿಂಗಳ ನಂತರ ಇಷ್ಟು ಯೂರೋ ಕೊಡುತ್ತೇವೆ, ಇಂತಿಷ್ಟು ದರದಲ್ಲಿ ಕೊಳ್ಳಬೇಕು ಎಂದು ಬ್ಯಾಂಕಿನೊಂದಿಗೆ ಇಂದೇ ಮಾಡಿಕೊಳ್ಳುವ ಕರಾರು ಇದು. ಬ್ಯಾಂಕು ಕೊಡುವ ದರ 90 ಅಲ್ಲ, ಬಹುಶಃ 92 ರೂಪಾಯಿ 70 ಪೈಸೆಯ ಆಸುಪಾಸು. ಯೂರೋ ಏರುತ್ತದೆಂದು ಬ್ಯಾಂಕಿಗೆ ಗೊತ್ತಿದೆ ಎಂದು ಹಲವರು ಇದನ್ನು ತಪ್ಪಾಗಿ ಓದುತ್ತಾರೆ. ಅದು ಭವಿಷ್ಯವಾಣಿಯಲ್ಲ. ಬ್ಯಾಂಕು ಇಂದೇ ಯೂರೋ ಸಾಲ ತಂದು, ಮಾರಿ, ಬಂದ ರೂಪಾಯಿಯನ್ನು ಬಡ್ಡಿಗೆ ಬಿಡಬಲ್ಲದು. ಹತ್ತು ತಿಂಗಳ ಮೇಲೆ ರಫ್ತುದಾರ ಕೊಡುವ ಯೂರೋದಿಂದ ಆ ಸಾಲ ತೀರುತ್ತದೆ. ರೂಪಾಯಿಯ ಬಡ್ಡಿ ಯೂರೋ ಬಡ್ಡಿಗಿಂತ ಹೆಚ್ಚಿರುವುದರಿಂದ ಉಳಿಯುವ ವ್ಯತ್ಯಾಸವೇ ಆ 2 ರೂಪಾಯಿ 70 ಪೈಸೆ. ಬಡ್ಡಿಗಳ ಅಂತರ ಬದಲಾದರೆ ಇದೂ ಬದಲಾಗುತ್ತದೆ. 3 ಲಕ್ಷ ಯೂರೋಗೆ ಇದು 8 ಲಕ್ಷ 10 ಸಾವಿರ ರೂಪಾಯಿ. ಕೊಟೇಶನ್ ಹಂತದಲ್ಲೇ ಇದನ್ನು ತಿಳಿದವನು ಅದರಲ್ಲಿ ಒಂದಿಷ್ಟನ್ನು ಬೆಲೆಯಲ್ಲಿ ಬಿಟ್ಟುಕೊಟ್ಟು ಆರ್ಡರು ಗೆಲ್ಲಬಹುದು. ಯೂರೋದಲ್ಲೇ ಪ್ಯಾಕಿಂಗ್ ಕ್ರೆಡಿಟ್ ಸಾಲ ತೆಗೆದು ಈಗಲೇ ರೂಪಾಯಿ ಮಾಡಿಕೊಳ್ಳುವುದೂ ಒಳಗಿನ ಲೆಕ್ಕದಲ್ಲಿ ಇದೇ ಕೆಲಸ. ದುಡಿಯುವ ಬಂಡವಾಳ ಹೇಗೂ ಬೇಕಾಗಿದ್ದರೆ ಅದು ಇನ್ನೂ ಅನುಕೂಲ.

ಫಾರ್ವರ್ಡ್ ಕೆಡುವುದು ದರದಿಂದಲ್ಲ, ತಾರೀಕಿನಿಂದ. ಯಂತ್ರ ಸಿದ್ಧವಾಗಿದೆ, ಆದರೆ ತಪಾಸಣೆಗೆ ಬರಬೇಕಾದ ಗಿರಾಕಿಯ ಎಂಜಿನಿಯರು ಎರಡು ತಿಂಗಳು ತಡಮಾಡುತ್ತಾನೆ. ಕರಾರಿನ ದಿನ ಬಂತು, ಯೂರೋ ಬರಲಿಲ್ಲ. ಅಂದು ಮಾರುಕಟ್ಟೆ ದರ 96. ರದ್ದು ಮಾಡಿಸಲು ಯೂರೋಗೆ 3 ರೂಪಾಯಿ 30 ಪೈಸೆಯಂತೆ 9 ಲಕ್ಷ 90 ಸಾವಿರ ಬ್ಯಾಂಕಿಗೆ ಕಟ್ಟಬೇಕು, ಬ್ಯಾಂಕಿನ ಶುಲ್ಕ ಬೇರೆ. ನಂತರ ಎರಡು ತಿಂಗಳಿಗೆ 96 ರೂಪಾಯಿ 58 ಪೈಸೆಯ ಸುಮಾರಿಗೆ ಹೊಸ ಕರಾರು. ಕೊನೆಗೆ ಲೆಕ್ಕ ಹಾಕಿದರೆ ಯೂರೋಗೆ 93 ರೂಪಾಯಿ 28 ಪೈಸೆ ಸಿಕ್ಕಂತಾಯಿತು, ನಷ್ಟವೇನಿಲ್ಲ. ಆದರೆ ಹತ್ತು ಲಕ್ಷ ಇಂದು ಹೋಗುತ್ತದೆ, ಎರಡು ತಿಂಗಳ ಮೇಲೆ ಬರುತ್ತದೆ. ಯಂತ್ರ ಕಟ್ಟುತ್ತಾ ಕಟ್ಟುತ್ತಾ ಓವರ್‌ಡ್ರಾಫ್ಟ್ ಪೂರ್ತಿ ಬಳಸಿದ ಕಾರ್ಖಾನೆಗೆ ಈ ಎರಡು ತಿಂಗಳೇ ಕಷ್ಟ. ತಡವಾದದ್ದು ತಿಳಿದ ಕೂಡಲೇ, ಕರಾರಿನ ದಿನಕ್ಕೆ ಕಾಯದೆ, ಬ್ಯಾಂಕಿಗೆ ತಿಳಿಸಿ ಮುಂದೂಡಿಸಬೇಕು. ಸುಮ್ಮನಿದ್ದರೆ ಅವಧಿ ಮುಗಿದ ಕೆಲವೇ ದಿನಗಳಲ್ಲಿ ಬ್ಯಾಂಕು ತಾನೇ ರದ್ದು ಮಾಡುತ್ತದೆ, ಅದೂ ತನ್ನ ದರದಲ್ಲಿ. ಒಂದು ನಿಶ್ಚಿತ ದಿನದ ಬದಲು, ತಿಂಗಳೊಳಗೆ ಯಾವ ದಿನವಾದರೂ ಯೂರೋ ಕೊಡಬಹುದಾದ ಕರಾರನ್ನು ಕೇಳಿ ಪಡೆಯುವುದು ಜಾಣತನ.

ಇನ್ನೊಂದು ಸೋರಿಕೆ ಕಣ್ಣಿಗೆ ಬೀಳುವುದಿಲ್ಲ. ನಡುವೆ ಗಿರಾಕಿ ಹೆಚ್ಚುವರಿ ಫಿಕ್ಸ್ಚರ್ ಕೇಳುತ್ತಾನೆ. ಮಾರಾಟ ವಿಭಾಗದವರು ಹಳೆಯ ಕಡತ ತೆಗೆದು 90ರ ದರದಲ್ಲೇ ಬೆಲೆ ಬರೆದು ಕಳಿಸುತ್ತಾರೆ. ಈ ಹೊಸ ಮೊತ್ತಕ್ಕೆ ಹಳೆಯ ಫಾರ್ವರ್ಡ್ ಆಸರೆಯಿಲ್ಲ, ಅದನ್ನು ಅಂದಿನ ದರದಲ್ಲೇ ಲೆಕ್ಕ ಹಾಕಬೇಕು. ಇಂಥ ಮೂರು ನಾಲ್ಕು ಸೇರ್ಪಡೆಗಳಾದರೆ ಮೂಲ ಆರ್ಡರಿನಲ್ಲಿ ಕಾಪಾಡಿಕೊಂಡದ್ದು ಇಲ್ಲಿ ಜಾರಿಹೋಗುತ್ತದೆ.

ಬ್ಯಾಂಕಿನವರು ‘ಖರ್ಚೇ ಇಲ್ಲದ ರಕ್ಷಣೆ’ ಎಂದು ತರುವ ಸಂಕೀರ್ಣ ಕರಾರುಗಳ ಕತೆ ಬೇರೆ. 2007ರಲ್ಲಿ ಡಾಲರು 44 ರೂಪಾಯಿಯಿಂದ 39ರ ಹತ್ತಿರಕ್ಕೆ ಇಳಿದಾಗ ಬೆದರಿದ ರಫ್ತುದಾರರಲ್ಲಿ ಹಲವರು, ತಿರುಪ್ಪೂರಿನ ಬಟ್ಟೆ ತಯಾರಕರೂ ಸೇರಿ, ತಮಗೆ ವ್ಯವಹಾರವೇ ಇಲ್ಲದ ಸ್ವಿಸ್ ಫ್ರಾಂಕ್, ಯೆನ್‌ಗಳಿಗೆ ಗಂಟುಹಾಕಿದ ಕರಾರುಗಳಿಗೆ ಸಹಿ ಹಾಕಿ ಭಾರಿ ನಷ್ಟ ಕಂಡರು. ಪ್ರಕರಣಗಳು ನ್ಯಾಯಾಲಯದ ಮೆಟ್ಟಿಲೇರಿದವು. ತನ್ನ ಇನ್‌ವಾಯ್ಸಿನಲ್ಲಿ ಇಲ್ಲದ ಕರೆನ್ಸಿ ಕರಾರಿನಲ್ಲಿ ಕಂಡರೆ ಅದು ರಕ್ಷಣೆಯಲ್ಲ, ಜೂಜು.

ಕೊನೆಯ ಶೇಕಡ 10, ಅಂದರೆ 50 ಸಾವಿರ ಯೂರೋ, ಯಾವಾಗ ಬರುತ್ತದೆಂಬುದು ಕಾರ್ಖಾನೆಯ ಕೈಯಲ್ಲಿಲ್ಲ. ಗಿರಾಕಿಯ ನೆಲದ ತಳಪಾಯ, ವಿದ್ಯುತ್ತು, ಅವನ ಆಪರೇಟರುಗಳ ತರಬೇತಿ, ಎಲ್ಲ ಮುಗಿದ ಮೇಲೆ ಸಹಿ ಬೀಳಬೇಕು. ಇದಕ್ಕೂ ಫಾರ್ವರ್ಡ್ ಮಾಡಿ ತಿಂಗಳು ತಿಂಗಳೂ ಮುಂದೂಡುತ್ತಾ ಹೋದರೆ ಶುಲ್ಕವೇ ಭಾರವಾಗುತ್ತದೆ. ಇಲ್ಲಿ ಒಂದು ರೂಪಾಯಿ ಇಳಿತಕ್ಕೆ ಹೋಗುವುದು 4 ಲಕ್ಷವಲ್ಲ, 50 ಸಾವಿರ. ಯೂರೋ ಹತ್ತು ರೂಪಾಯಿ ಬಿದ್ದರೂ 5 ಲಕ್ಷ. 54 ಲಕ್ಷದ ಲಾಭದಲ್ಲಿ ಅಷ್ಟನ್ನು ಸಹಿಸಬಹುದು, ಆದ್ದರಿಂದ ಈ ಕಂತನ್ನು ಬಯಲಿಗೇ ಬಿಟ್ಟು, ಕಮಿಷನಿಂಗ್ ಪತ್ರಕ್ಕೆ ಸಹಿ ಬಿದ್ದು ಪಾವತಿಯ ದಿನ ಗೊತ್ತಾದ ಮೇಲೆ ಮಾರಿಕೊಳ್ಳುವುದು ಅಗ್ಗ.